ಹಸಿರು ಪಟ್ಟಿ ಹಾಕಬೇಕೆ, ಬೇಡವೆ?

ಹೋದ ತಿಂಗಳು ಫ್ರೀಮಾಂಟ್‌ನ ಗೆಳೆಯನೊಬ್ಬ ಫೋನ್ ಮಾಡಿದ. ಕೆಲಸ ಹೋಗಿತ್ತು. ವೀಸಾ, ಮನೆ ಸಾಲ ಎಲ್ಲ ಮಾತಾಡಿ ಕೊನೆಗೆ ಕೇಳಿದ: "ಲಿಂಕ್ಡ್‌ಇನ್ ಫೋಟೋಗೆ ಆ ಹಸಿರು ಪಟ್ಟಿ ಹಾಕ್ಲೇನೋ? ಗತಿ ಇಲ್ದೋನು ಅಂದ್ಕೊಳ್ಳಲ್ವಾ?"

ನನ್ನ ಉತ್ತರ ಸರಳ: ಕೆಲಸ ಇದ್ದರೆ `Recruiters only`, ಕೆಲಸ ಇಲ್ಲದಿದ್ದರೆ `All LinkedIn members`.

`Recruiters only` ಅಂದರೆ ಲಿಂಕ್ಡ್‌ಇನ್‌ಗೆ ದುಡ್ಡು ಕೊಟ್ಟು ರಿಕ್ರೂಟರ್ ಸವಲತ್ತು ಪಡೆದವರಿಗೆ ಮಾತ್ರ ಕಾಣುತ್ತದೆ. ನಿಮ್ಮನ್ನು ತೆಗೆದುಕೊಳ್ಳಬೇಕಾದ ಮ್ಯಾನೇಜರ್ ಬಳಿ ಸಾಮಾನ್ಯವಾಗಿ ಅದು ಇರುವುದಿಲ್ಲ. ರೆಫರಲ್ ಕೊಡಬಲ್ಲ ಹಳೆಯ ಸಹೋದ್ಯೋಗಿಯ ಬಳಿಯೂ ಇರುವುದಿಲ್ಲ.

ಗೆಳೆಯನ ಲೆಕ್ಕ ನೋಡಿ. ಎಚ್-1ಬಿ ಇರುವವರಿಗೆ ಕೆಲಸದ ಕೊನೆಯ ದಿನದಿಂದ ಹೆಚ್ಚೆಂದರೆ 60 ದಿನ. ಐ-94 ಅದಕ್ಕೂ ಮೊದಲೇ ಮುಗಿದರೆ ಅಷ್ಟೇ. ಸೆವೆರೆನ್ಸ್ ಹಣ ಬಂತೆಂದು ಈ ಗಡುವು ಮುಂದೆ ಹೋಗುವುದಿಲ್ಲ. ಅಷ್ಟರೊಳಗೆ ಹೊಸ ಕಂಪನಿ ಅರ್ಜಿ ಹಾಕಿರಬೇಕು. ಅದಕ್ಕೆ ಮೊದಲು ಕಾರ್ಮಿಕ ಇಲಾಖೆಯ ಎಲ್‌ಸಿಎಗೆ 7 ಕೆಲಸದ ದಿನ ಬೇಕು, ವಕೀಲರ ಕಾಗದಪತ್ರಕ್ಕೆ ಇನ್ನಷ್ಟು. ಒಟ್ಟು ಮೂರು ವಾರ ತೆಗೆದಿಡಿ. ಅಂದರೆ 40ನೇ ದಿನದ ಹೊತ್ತಿಗೆ ಆಫರ್ ಕೈಯಲ್ಲಿರಬೇಕು. ಇಷ್ಟು ಕಡಿಮೆ ಸಮಯದಲ್ಲಿ ಸುದ್ದಿ ಬಚ್ಚಿಡುವುದು ದುಬಾರಿ.

ಕೆಲವು ಕಂಪನಿಯವರು ಹಸಿರು ಪಟ್ಟಿಯನ್ನು ಕೊರತೆಯಾಗಿ ಓದುತ್ತಾರೆ, ನಿಜ. ಆದರೆ ಪ್ರೊಫೈಲ್‌ನಲ್ಲಿ ಹಿಂದಿನ ಕೆಲಸ ಮುಗಿದ ತಿಂಗಳು ಹೇಗೂ ಇದೆ. ಪಟ್ಟಿ ಹೊಸದೇನನ್ನೂ ಬಯಲು ಮಾಡುವುದಿಲ್ಲ. "ಅವಸರದಲ್ಲಿದ್ದಾನೆ, ಕಡಿಮೆ ಸಂಬಳಕ್ಕೆ ಒಪ್ಪುತ್ತಾನೆ" ಎಂಬ ಲೆಕ್ಕಾಚಾರಕ್ಕೂ ಕ್ಯಾಲಿಫೋರ್ನಿಯಾದಲ್ಲಿ ಒಂದಿಷ್ಟು ಕಡಿವಾಣವಿದೆ. 2018ರಿಂದ ಹಳೆಯ ಸಂಬಳ ಕೇಳುವಂತಿಲ್ಲ. 2023ರಿಂದ, 15 ಅಥವಾ ಹೆಚ್ಚು ನೌಕರರಿರುವ ಕಂಪನಿಗಳು ಜಾಹೀರಾತಿನಲ್ಲೇ ಸಂಬಳದ ವ್ಯಾಪ್ತಿ ಹೇಳಬೇಕು. ಚೌಕಾಸಿ ಆ ವ್ಯಾಪ್ತಿಯೊಳಗೆ ನಡೆಯುತ್ತದೆ.

ಕೆಲಸದಲ್ಲಿದ್ದವರ ಕಥೆ ಬೇರೆ. ಹಸಿರು ಪಟ್ಟಿ ನಿಮ್ಮ ಬಾಸ್‌ಗೂ ಕಾಣುತ್ತದೆ. ಮುಂದಿನ ಬೋನಸ್, ಪ್ರಮೋಷನ್ ಹಂಚುವಾಗ "ಇವನು ಹೊರಟವನು" ಎಂದು ಅವರು ಓದಿಕೊಂಡರೆ ತಪ್ಪು ಹೇಳಲಾಗದು. `Recruiters only` ಹಾಕಿದರೆ ನಿಮ್ಮ ಕಂಪನಿಯ ರಿಕ್ರೂಟರ್‌ಗಳಿಗೆ ಕಾಣದಂತೆ ಲಿಂಕ್ಡ್‌ಇನ್ ನೋಡಿಕೊಳ್ಳುತ್ತದೆ, ಆದರೆ ಪೂರ್ತಿ ಖಾತ್ರಿ ಕೊಡುವುದಿಲ್ಲ. ನಿಮ್ಮ ಕಂಪನಿಗೆ ಜನ ಹುಡುಕಿಕೊಡುವ ಹೊರಗಿನ ಏಜೆನ್ಸಿಯವರು ನೋಡಬಹುದು. ಕನ್ಸಲ್ಟೆನ್ಸಿ ಮೂಲಕ ಕ್ಲೈಂಟ್ ಆಫೀಸಿನಲ್ಲಿ ಕೂತವರು ಇನ್ನೂ ಹುಷಾರಾಗಿರಬೇಕು: ಪ್ರೊಫೈಲ್‌ನಲ್ಲಿ ಇರುವುದು ಕನ್ಸಲ್ಟೆನ್ಸಿಯ ಹೆಸರು, ಹಾಗಾಗಿ ಕ್ಲೈಂಟ್‌ನ ರಿಕ್ರೂಟರ್‌ಗೆ ತಡೆ ಇಲ್ಲವೆಂದೇ ತಿಳಿಯಿರಿ.

ಗೆಳೆಯ ಪಟ್ಟಿ ಹಾಕಿದ. ಮೊದಲು ಬಂದವು ಒಂದಷ್ಟು ನಕಲಿ ಕೆಲಸದ ಮೆಸೇಜುಗಳು. ಅದೂ ಈ ಆಯ್ಕೆಯ ಬೆಲೆಯೇ. ನಾಲ್ಕನೇ ದಿನ ಆರು ವರ್ಷದಿಂದ ಮಾತಿಲ್ಲದ ಹಳೆಯ ಸಹೋದ್ಯೋಗಿ ಬರೆದ: "ನಮ್ಮ ಟೀಮಲ್ಲಿ ಒಂದು ಜಾಗ ಇದೆ, ಮಾತಾಡೋಣ್ವಾ?" ಅವನು ರಿಕ್ರೂಟರ್ ಅಲ್ಲ. ಇಂಟರ್‌ವ್ಯೂ ಇನ್ನೂ ನಡೆಯುತ್ತಿದೆ, ಇವತ್ತಿಗೆ 23ನೇ ದಿನ.