ಪೆಟ್ಟಿಗೆಯೊಳಗಿನ ಪಾಲಿಸಿ

ನಮ್ಮ ಪರಿಚಯದವರೊಬ್ಬರು ಇಲ್ಲಿ ತೀರಿಕೊಂಡಾಗ, ಅವರಿಗೆ ಎಷ್ಟು ವಿಮಾ ಪಾಲಿಸಿಗಳಿದ್ದವೆಂದು ಊರಿನಲ್ಲಿದ್ದ ಹೆಂಡತಿಗೇ ಗೊತ್ತಿರಲಿಲ್ಲ. ಪೆಟ್ಟಿಗೆಯಲ್ಲಿ ಒಂದರ ಬಾಂಡ್ ಸಿಕ್ಕಿತು. ಇನ್ನೊಂದು, ಕಂತು ಕಟ್ಟದೆ ನಿಂತುಹೋಗಿತ್ತು. ಕಂಪನಿಯ ಸಂದೇಶಗಳೆಲ್ಲ ರೀಚಾರ್ಜ್ ಇಲ್ಲದೆ ಸತ್ತ ಊರಿನ ಸಿಮ್ಮಿಗೆ ಹೋಗುತ್ತಿದ್ದವು.

ಭಾರತದ ಇ-ಇನ್ಶೂರೆನ್ಸ್ ಖಾತೆಗೆ ನಾವು ಶುಲ್ಕ ಕೊಡಬೇಕಿಲ್ಲ. ಬೇರೆ ಬೇರೆ ಕಂಪನಿಗಳ ಪಾಲಿಸಿಗಳು ಒಂದೇ ಕಡೆ ಕಾಣುತ್ತವೆ. ಹಳೆಯ ಕಾಗದದ ಪಾಲಿಸಿಗಳನ್ನೂ ಅರ್ಜಿ ಕೊಟ್ಟು ಸೇರಿಸಬಹುದು. ಒಟಿಪಿ ಬರುವ, ನೀವು ದಿನವೂ ನೋಡುವ ನಂಬರನ್ನೇ ಕೊಡಿ. ಸಿಮ್ ಬದಲಾದ ದಿನವೇ ತಿದ್ದಿಸಿ.

ಖಾತೆಯಲ್ಲಿ ಅಧಿಕೃತ ಪ್ರತಿನಿಧಿಯ ಹೆಸರನ್ನೂ ಕೊಡಬೇಕು. ನಮ್ಮ ನಂತರ ಅವರು ಪಾಲಿಸಿಗಳನ್ನು ನೋಡಬಹುದು, ಆದರೆ ಕ್ಲೇಮಿನ ಹಣ ನಾಮಿನಿಗೇ. ರೂಮ್‌ಮೇಟ್ ಹೆಸರು ಬೇಡ ಎನ್ನುತ್ತೇನೆ. ಅವನೂ ನಾಳೆ ಎಕ್ಸಿಟ್ ಆಗಿ ಹೋಗುವವನೇ. ಊರಿನಲ್ಲಿ ಕಾಗದಪತ್ರಕ್ಕೆ ಓಡಾಡಬಲ್ಲ ತಮ್ಮನೋ ಮಗಳೋ ಇರಲಿ, ಅವರಿಗೆ ಈ ವಿಷಯ ಈಗಲೇ ಗೊತ್ತಿರಲಿ.