ಊಟದ ಪಟ್ಟಿ ಕೊಡುವವರು ವಿಮಾನದ ಹೆಸರು ಯಾಕೆ ಕೊಡುವುದಿಲ್ಲ?

ಬಿಳೇಕಹಳ್ಳಿಯ ನಮ್ಮ ಬೀದಿಯಲ್ಲಿ ಬೆಳಗಿನ ಪೇಪರಿನ ಮಡಿಕೆಯೊಳಗೆ ಯಾತ್ರೆಯ ಕರಪತ್ರ ಬಾರದ ತಿಂಗಳಿಲ್ಲ. ಇತ್ತೀಚೆಗೆ ಬಂದದ್ದು ನೇಪಾಳದ ಮುಕ್ತಿನಾಥ ಯಾತ್ರೆಯದು. ಪಕ್ಕದ ಮನೆಯ ಹಿರಿಯ ದಂಪತಿ ಹೊರಡುವ ಉತ್ಸಾಹದಲ್ಲಿದ್ದರು, ವಿಚಾರಿಸಲು ನನ್ನನ್ನೂ ಜೊತೆಗೆ ಕರೆದುಕೊಂಡು ಹೋದರು. ಕರಪತ್ರದಲ್ಲಿ ಎಲ್ಲವೂ ಇತ್ತು. ಬೆಂಗಳೂರಿನಿಂದಲೇ ಬರುವ ಅಡುಗೆಯವರು, ಬೆಳಗ್ಗೆ ಇಡ್ಲಿ ಇಲ್ಲವೇ ಉಪ್ಪಿಟ್ಟು, ರಾತ್ರಿ ಚಪಾತಿ ಪಲ್ಯ, ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಊಟ, ದಿನಕ್ಕೊಂದು ನೀರಿನ ಬಾಟಲಿ. ಪೋಖರಾದಿಂದ ಜೋಮ್‌ಸೋಮ್‌ಗೆ ಹೋಗುವ ದಿನದ ಮುಂದೆ ಮಾತ್ರ ಎರಡೇ ಪದ: ‘ವಿಮಾನದಲ್ಲಿ ಪ್ರಯಾಣ’.

ಯಾವ ಕಂಪನಿಯ ವಿಮಾನ ಎಂದು ಕೇಳಿದೆ. “ಅದು ಕಠ್ಮಂಡುವಿನಲ್ಲಿ ನಮ್ಮ ಕಡೆಯವರು ನೋಡ್ಕೊಳ್ತಾರೆ ಸರ್. ಅವತ್ತು ಯಾವುದ್ರಲ್ಲಿ ರೇಟು ಕಮ್ಮಿಗೆ ಸೀಟು ಸಿಗುತ್ತೋ ಅದ್ರಲ್ಲಿ ಹಾಕ್ತಾರೆ. ನೀವು ಟೆನ್ಷನ್ ತಗೋಬೇಡಿ” ಎಂದರು ಕೌಂಟರಿನಲ್ಲಿದ್ದವರು. ಅವರ ದನಿಯಲ್ಲಿ ಮೋಸವಿರಲಿಲ್ಲ. ಇದು ಕೇಳಬೇಕಾದ ಪ್ರಶ್ನೆ ಎಂದೇ ಅವರಿಗೆ ಅನ್ನಿಸಿರಲಿಲ್ಲ. ನನ್ನ ತಕರಾರು ಇರುವುದು ಇಲ್ಲಿಯೇ. ಎಪ್ಪತ್ತು ದಾಟಿದವರನ್ನು ಹಿಮಾಲಯದ ಕಣಿವೆಯೊಳಗೆ ಹಾರಿಸುವವರು ವಿಮಾನ ಯಾರದೆಂದು ಹೇಳದೆ ದುಡ್ಡು ಕಟ್ಟಿಸಿಕೊಳ್ಳುವುದು ತಪ್ಪು. ಈ ತಪ್ಪು ನಮ್ಮ ಊರಿನಲ್ಲಿ ರೂಢಿಯಾಗಲು ಕೇಳದೆ ಕಟ್ಟುವ ನಾವೂ ಕಾರಣ.

ಹೆಸರು ಗೊತ್ತಾದರೆ ಏನು ಸಿಗುತ್ತದೆ ಎಂದು ಕೇಳುವವರಿಗಾಗಿ ಇದೇ ದಾರಿಯ ಚರಿತ್ರೆ ಹೇಳುತ್ತೇನೆ. ಪೋಖರಾ–ಜೋಮ್‌ಸೋಮ್ ಹಾರಾಟ ಸುಮಾರು ಇಪ್ಪತ್ತು ನಿಮಿಷದ್ದು. 2012ರ ಮೇ 14ರಂದು ಅಗ್ನಿ ಏರ್ ಎಂಬ ಕಂಪನಿಯ ಡಾರ್ನಿಯರ್ ವಿಮಾನ ಜೋಮ್‌ಸೋಮ್‌ನಲ್ಲಿ ಇಳಿಯಲಾಗದೆ ಹಿಂದಿರುಗುವಾಗ ಗುಡ್ಡಕ್ಕೆ ಬಡಿಯಿತು. ಸತ್ತ 15 ಮಂದಿಯಲ್ಲಿ 13 ಜನ ಭಾರತೀಯರು. ಆ ಕಂಪನಿ ಅದೇ ವರ್ಷ ಹಾರಾಟ ನಿಲ್ಲಿಸಿತು. 2016ರ ಫೆಬ್ರುವರಿ 24ರಂದು ತಾರಾ ಏರ್‌ನ ವಿಮಾನ ಬಿದ್ದು ಅದರಲ್ಲಿದ್ದ 23 ಮಂದಿಯೂ ಹೋದರು. 2022ರ ಮೇ 29ರಂದು ಅದೇ ತಾರಾ ಏರ್‌ನ ಇನ್ನೊಂದು ವಿಮಾನ ಬಿತ್ತು. ಅದರಲ್ಲಿದ್ದ 22 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಸತ್ತವರಲ್ಲಿ ನಾಲ್ವರು ಮಹಾರಾಷ್ಟ್ರದ ಒಂದೇ ಕುಟುಂಬದವರು.

ಈ ಕೊನೆಯ ಎರಡು ಅಪಘಾತಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಎರಡೂ ಟ್ವಿನ್ ಆಟರ್ ಎಂಬ 19 ಸೀಟಿನ ವಿಮಾನಗಳು. 2016ರಲ್ಲಿ ಬಿದ್ದದ್ದು ಹೊಚ್ಚ ಹೊಸದು, ಕಂಪನಿಗೆ ಬಂದು ವರ್ಷವೂ ತುಂಬಿರಲಿಲ್ಲ. 2022ರಲ್ಲಿ ಬಿದ್ದದ್ದು 1979ರಷ್ಟು ಹಳೆಯದು. ವಿಮಾನ ಹೊಸದೋ ಹಳೆಯದೋ ಎಂದು ನಾವೆಲ್ಲ ಮೊದಲು ಕೇಳುತ್ತೇವಲ್ಲ, ಆ ಪ್ರಶ್ನೆಗೆ ಇಲ್ಲಿ ಬೆಲೆಯೇ ಇಲ್ಲ. ತನಿಖಾ ಆಯೋಗಗಳು ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಕಾರಣ ಬರೆದವು. ಈ ದಾರಿಯಲ್ಲಿ ಪೈಲಟ್ ನೆಲ, ಹೊಳೆ, ಬೆಟ್ಟ ಕಣ್ಣಿಗೆ ಕಾಣುತ್ತಿದ್ದರೆ ಮಾತ್ರ ಹಾರಬೇಕು. ಮೋಡ ಮುಚ್ಚಿದರೆ ಹಿಂದಿರುಗಬೇಕು. 2016ರ ಸಿಬ್ಬಂದಿ ಮತ್ತೆ ಮತ್ತೆ ಮೋಡದೊಳಗೆ ನುಗ್ಗಿ, ತಾವೆಲ್ಲಿದ್ದೇವೆಂಬ ಅರಿವು ತಪ್ಪಿ ಬೆಟ್ಟಕ್ಕೆ ಬಡಿದರು. 2022ರಲ್ಲೂ ಮೋಡದೊಳಗೆ ದಾರಿ ತಪ್ಪಿತು. ಬೆಟ್ಟ ಹತ್ತಿರ ಬಂದಾಗ ಕೂಗಿ ಎಚ್ಚರಿಸಬೇಕಾದ ಯಂತ್ರವನ್ನು ಆಗ ತಡೆದಿಡಲಾಗಿತ್ತು. ಕಿರಿದಾದ ಕಣಿವೆಯಲ್ಲಿ ಆ ಯಂತ್ರ ಮೇಲಿಂದ ಮೇಲೆ ಕೂಗುತ್ತದೆ ನಿಜ. ಆದರೆ ಮೋಡದೊಳಗೆ ಪೈಲಟ್‌ಗೆ ಉಳಿದಿರುವ ಕೊನೆಯ ಕಣ್ಣು ಅದೊಂದೇ.

ಆರು ವರ್ಷಗಳ ಅಂತರದಲ್ಲಿ ಅದೇ ಕಂಪನಿ, ಅದೇ ದಾರಿ, ಅದೇ ಬಗೆಯ ತಪ್ಪು. ವಿಮಾನ ಕಂಪನಿಯ ಗುಣವನ್ನು ಅಳೆಯುವುದು ಹೀಗೆ. ಅಪಘಾತ ಆಗಿದೆಯೇ ಎಂದಷ್ಟೇ ನೋಡಿದರೆ ಸಾಲದು. ಮೊದಲನೆಯದರಿಂದ ಪಾಠ ಕಲಿತರೇ, ಎರಡನೆಯದಕ್ಕೂ ಅದೇ ಕಾರಣವೇ ಎಂದು ನೋಡಬೇಕು. ತನಿಖಾ ವರದಿಯ ಕೊನೆಯಲ್ಲಿ ಸಂಭವನೀಯ ಕಾರಣ ಮತ್ತು ಶಿಫಾರಸು ಎಂಬ ಎರಡು ಭಾಗಗಳಿರುತ್ತವೆ. ಅವನ್ನು ಓದಲು ಎಂಜಿನಿಯರಿಂಗ್ ಬೇಕಿಲ್ಲ, ಅರ್ಧ ಗಂಟೆ ಸಾಕು. ಜೊತೆಗೆ ಕಂಪನಿಯ ಬಂಧುಬಳಗವನ್ನೂ ನೋಡಬೇಕು. ತಾರಾ ಏರ್ ಎಂಬುದು 2009ರಲ್ಲಿ ಯೇತಿ ಏರ್‌ಲೈನ್ಸ್‌ನ ಸಣ್ಣ ವಿಮಾನಗಳನ್ನು ಪಡೆದುಕೊಂಡು ಹುಟ್ಟಿದ ಸೋದರ ಸಂಸ್ಥೆ. 2008ರಲ್ಲಿ ಲುಕ್ಲಾದಲ್ಲಿ 18 ಜನ ಸತ್ತ ಟ್ವಿನ್ ಆಟರ್ ಅಪಘಾತ ಯೇತಿಯ ಹೆಸರಿನಲ್ಲಿದೆ. ತಾರಾ ಎಂದಷ್ಟೇ ಹುಡುಕಿದವರ ಕಣ್ಣಿಗೆ ಅದು ಬೀಳುವುದಿಲ್ಲ.

“ನಮ್ಮದರಲ್ಲಿ ಇದುವರೆಗೆ ಒಂದೂ ಅಪಘಾತ ಆಗಿಲ್ಲ” ಎಂಬ ಮಾತನ್ನು ಸಣ್ಣ ಕಂಪನಿಗಳ ಪರವಾಗಿ ಏಜೆಂಟರು ಹೇಳುತ್ತಾರೆ. ಲೆಕ್ಕ ಹಾಕಿ ನೋಡೋಣ. ದಿನಕ್ಕೆ ಹತ್ತು ಹಾರಾಟ ನಡೆಸುವ ಕಂಪನಿ ವರ್ಷಕ್ಕೆ 3,650, ಐದು ವರ್ಷಕ್ಕೆ 18,250 ಹಾರಾಟ ಮಾಡುತ್ತದೆ. ಅಂತರರಾಷ್ಟ್ರೀಯ ವಿಮಾನ ಸಾರಿಗೆ ಸಂಘದ ಲೆಕ್ಕದಲ್ಲಿ 2024ರಲ್ಲಿ ಜಗತ್ತಿನಾದ್ಯಂತ ಸುಮಾರು 8.8 ಲಕ್ಷ ಹಾರಾಟಕ್ಕೆ ಒಂದು ಅಪಘಾತವಾಗಿದೆ. ಈ ಕಂಪನಿ ಲೋಕದ ಸರಾಸರಿಗಿಂತ ಹತ್ತು ಪಟ್ಟು ಕೆಟ್ಟದಾಗಿದ್ದರೂ ಐದು ವರ್ಷ ಅಪಘಾತವಿಲ್ಲದೆ ಕಳೆಯುವ ಸಾಧ್ಯತೆಯೇ ಹೆಚ್ಚು. ಸಣ್ಣ ಕಂಪನಿಯ ಶುಭ್ರ ದಾಖಲೆ ಪುರಾವೆಯಾಗಲಾರದು.

ಕಂಪನಿಯ ದಾಖಲೆ ಇಷ್ಟು ತೆಳ್ಳಗಿರುವಾಗ ಅದನ್ನು ಕಾಯುವವರು ಯಾರೆಂದು ನೋಡಬೇಕು. 2013ರ ಡಿಸೆಂಬರಿನಲ್ಲಿ ಯುರೋಪಿಯನ್ ಒಕ್ಕೂಟ ನೇಪಾಳದ ಎಲ್ಲ ವಿಮಾನ ಕಂಪನಿಗಳನ್ನೂ ತನ್ನ ನಿಷೇಧ ಪಟ್ಟಿಗೆ ಸೇರಿಸಿತು. ಒಂದೊಂದು ಕಂಪನಿಯನ್ನೂ ಪರೀಕ್ಷಿಸಿ ಫೇಲು ಮಾಡಿದ್ದರಿಂದ ಅಲ್ಲ, ಅವುಗಳ ಮೇಲ್ವಿಚಾರಣೆ ಮಾಡಬೇಕಾದ ವ್ಯವಸ್ಥೆಯ ಮೇಲೆ ನಂಬಿಕೆ ಇಲ್ಲವಾದ್ದರಿಂದ. ಅಲ್ಲಿ ವಿಮಾನ ನಿಲ್ದಾಣ ನಡೆಸುವುದೂ ನಾಗರಿಕ ವಿಮಾನಯಾನ ಪ್ರಾಧಿಕಾರವೇ, ಸುರಕ್ಷತೆಯ ತಪಾಸಣೆ ಮಾಡುವುದೂ ಅದೇ. ತನ್ನ ಕೆಲಸವನ್ನು ತಾನೇ ಪರೀಕ್ಷಿಸಿಕೊಳ್ಳುವ ಈ ಏರ್ಪಾಡನ್ನು ಎರಡಾಗಿ ಒಡೆಯಬೇಕೆಂಬ ಮಾತು ವರ್ಷಗಳಿಂದ ನಡೆದಿದೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 2017ರಲ್ಲಿ ನೇಪಾಳದ ಮೇಲಿನ ತನ್ನ ಗಂಭೀರ ಆಕ್ಷೇಪವನ್ನು ತೆಗೆದುಹಾಕಿತು ಎಂಬುದನ್ನೂ ನ್ಯಾಯಕ್ಕಾಗಿ ಹೇಳಬೇಕು. ಆದರೂ ಯುರೋಪು ತನ್ನ ಪಟ್ಟಿಯನ್ನು ಸಡಿಲಿಸಲಿಲ್ಲ.

ಏಜೆಂಟರು ತೋರಿಸುವ ಸರ್ಟಿಫಿಕೇಟುಗಳಿಗೂ ಮಿತಿ ಇದೆ. ಐಒಎಸ್‌ಎ ಎಂಬ ತಪಾಸಣೆಯ ಪಟ್ಟಿಯಲ್ಲಿ ಹೆಸರಿರುವ ಕಂಪನಿ ಒಳ್ಳೆಯ ಲಕ್ಷಣ ಹೊಂದಿದೆ ಎನ್ನಬಹುದು. ಆದರೆ ಆ ತಪಾಸಣೆ ಇರುವುದು 5,700 ಕಿಲೋಗಿಂತ ಹೆಚ್ಚು ತೂಕದ ವಿಮಾನಗಳಿಗೆ. ಟ್ವಿನ್ ಆಟರ್‌ನ ಗರಿಷ್ಠ ತೂಕ 5,670 ಕಿಲೋ. ಜೋಮ್‌ಸೋಮ್‌ಗೆ ಹೋಗುವವರು ಕೂರುವ ವಿಮಾನ ಆ ಜರಡಿಯ ಆಚೆಯೇ ಉಳಿಯುತ್ತದೆ.

ಅಗ್ಗದ ಟಿಕೆಟ್ ಎಂದರೆ ಅಪಾಯ ಎಂದು ನಾನು ಹೇಳುತ್ತಿಲ್ಲ. 2003ರಲ್ಲಿ ಇದೇ ಬೆಂಗಳೂರಿನಿಂದ ಹೊರಟ ಏರ್ ಡೆಕ್ಕನ್ ಬಸ್ಸಿನಲ್ಲಿ ಹೋಗುತ್ತಿದ್ದವರನ್ನು ವಿಮಾನ ಹತ್ತಿಸಿತು, ಅದು ದೊಡ್ಡ ಉಪಕಾರ. ದೊಡ್ಡ ಹೆಸರೂ ರಕ್ಷಣೆಯಲ್ಲ. 2010ರ ಮೇ 22ರಂದು ಮಂಗಳೂರಿನಲ್ಲಿ 158 ಜನರನ್ನು ಬಲಿ ತೆಗೆದುಕೊಂಡದ್ದು ಆಗ ಸರ್ಕಾರದ ಒಡೆತನದಲ್ಲಿದ್ದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ. ಇಳಿಯುವುದು ಬೇಡ, ಮೇಲೇರಿ ಎಂದು ಸಹ ಪೈಲಟ್ ಮೂರು ಸಲ ಹೇಳಿದರೂ ಕ್ಯಾಪ್ಟನ್ ಕೇಳಲಿಲ್ಲ. ಮಂಗಳೂರಿನಲ್ಲೂ ಜೋಮ್‌ಸೋಮ್ ದಾರಿಯಲ್ಲೂ ಜೀವ ಉಳಿಸಬಹುದಾಗಿದ್ದುದು ಒಂದೇ ಗುಣ: ಬೇಡ ಎಂದಾಗ ಹಿಂದಿರುಗುವುದು.

ಅಗ್ಗದ ಪ್ಯಾಕೇಜು ಮೊದಲು ಕತ್ತರಿಸುವುದು ಈ ಗುಣಕ್ಕೆ ಬೇಕಾದ ಸಮಯವನ್ನು. ಜೋಮ್‌ಸೋಮ್‌ಗೆ ವಿಮಾನ ಹಾರುವುದು ಬೆಳಗ್ಗೆ ಮಾತ್ರ. ಹೊತ್ತು ಏರಿದಂತೆ ಕಾಳಿ ಗಂಡಕಿಯ ಕಣಿವೆಯಲ್ಲಿ ಗಾಳಿ ಬಿರುಸಾಗುತ್ತದೆ. ಒಂದು ಬೆಳಗು ಮೋಡ ಮುಚ್ಚಿದರೆ ಮರುದಿನ ಬೆಳಗಿನವರೆಗೆ ಕಾಯಬೇಕು. ಏಳು ದಿನದ ಪ್ಯಾಕೇಜಿನಲ್ಲಿ ಆ ಮರುದಿನವೇ ಇರುವುದಿಲ್ಲ. ಆಗ ಪ್ರಯಾಣಿಕರು ಗೊಣಗುತ್ತಾರೆ, ಏಜೆಂಟರು ಫೋನು ಮಾಡುತ್ತಾರೆ, ಆ ಒತ್ತಡ ನಿಲ್ದಾಣದ ಕೌಂಟರಿನವರೆಗೂ ಹೋಗುತ್ತದೆ. 2018ರ ಜುಲೈನಲ್ಲಿ ಮಾನಸ ಸರೋವರದಿಂದ ಹಿಂದಿರುಗುತ್ತಿದ್ದ ನೂರಾರು ಯಾತ್ರಿಕರು, ಅವರಲ್ಲಿ ಸುಮಾರು 290 ಮಂದಿ ಕರ್ನಾಟಕದವರು, ಸಿಮಿಕೋಟ್ ಮತ್ತು ಹಿಲ್ಸಾದ ಸುತ್ತ ಸಿಕ್ಕಿಬಿದ್ದಾಗ ನಾವೆಲ್ಲ ಇಲ್ಲಿ ಆತಂಕಪಟ್ಟೆವು. ಪಟ್ಟ ಪಾಡು ನಿಜ. ಆದರೆ ಆ ಹವಾಮಾನದಲ್ಲಿ ವಿಮಾನಗಳು ಹಾರದೆ ನಿಂತದ್ದು ಸರಿಯಾದ ತೀರ್ಮಾನ. ತಪ್ಪಿದ್ದರೆ ಅದು, ಮಳೆಗಾಲದ ಹಿಮಾಲಯಕ್ಕೆ ಕಾಯುವ ದಿನವನ್ನೇ ಇಡದೆ ಜನರನ್ನು ಕಳಿಸುವ ಪಟ್ಟಿಗಳಲ್ಲಿದೆ.

ರಸ್ತೆಯಲ್ಲೇ ಹೋಗಿ ಎಂದು ಸುಲಭವಾಗಿ ಹೇಳಲೂ ಆಗದು. ಪೋಖರಾದಿಂದ ಜೋಮ್‌ಸೋಮ್‌ಗೆ ಇಡೀ ದಿನದ ಒರಟು ದಾರಿ, ಮಳೆಗಾಲದಲ್ಲಿ ಭೂಕುಸಿತ. ಅದಕ್ಕೇ ನನ್ನ ಬೇಡಿಕೆ ಚಿಕ್ಕದು. ಬೆಂಗಳೂರಿನ ಪ್ರತಿ ಟ್ರಾವೆಲ್ಸ್‌ನವರೂ ಕರಪತ್ರದಲ್ಲಿ ವಿಮಾನ ಕಂಪನಿಯ ಹೆಸರನ್ನು, ಹವಾಮಾನಕ್ಕೆಂದು ಮೀಸಲಿಟ್ಟ ದಿನವನ್ನು, ಹಾರಾಟ ರದ್ದಾದರೆ ಎಷ್ಟು ಹಣ ವಾಪಸು ಎಂಬುದನ್ನು ಅಚ್ಚು ಹಾಕಿಸಬೇಕು. ಮಾನಸ ಸರೋವರದ ಯಾತ್ರಿಕರಿಗೆ ಸಹಾಯಧನ ಕೊಡುತ್ತಾ ಬಂದಿರುವ ರಾಜ್ಯ ಸರ್ಕಾರ ಇಷ್ಟನ್ನು ಷರತ್ತಾಗಿ ಹಾಕಿದರೆ ಖಜಾನೆಗೆ ಒಂದು ಪೈಸೆಯ ಹೊರೆಯೂ ಇಲ್ಲ.

ಪಕ್ಕದ ಮನೆಯವರು ಅಂದು ಮುಂಗಡ ಕಟ್ಟದೆ ಬಂದರು. ಯಾತ್ರೆ ಬಿಟ್ಟಿಲ್ಲ, ಹೆಸರನ್ನು ಬರೆದುಕೊಡುವವರನ್ನು ಹುಡುಕುತ್ತಿದ್ದಾರೆ. ನಿಮ್ಮ ಮನೆಯ ಹಿರಿಯರನ್ನು ಕಳಿಸುವ ಮುನ್ನ ನೀವೂ ಹೆಸರು ಬರೆಸಿಕೊಳ್ಳಿ. ಬರೆದುಕೊಡಲು ಒಪ್ಪದವರ ಕೈಗೆ ಹಣ ಕೊಡಬೇಡಿ.