ಸೇರುವ ಮುನ್ನ ಬರುವ ಓಲೆ

ಮಣಿಪಾಲದ ಕಚೇರಿಯೊಂದು ಕಾರ್ಕಳದ ತರುಣಿಯೊಬ್ಬಳನ್ನು ಕೆಲಸಕ್ಕೆ ಆಯ್ದುಕೊಂಡು, ಜೂನ್ ತಿಂಗಳ ಸೋಮವಾರವೊಂದರಂದು ಬೆಳಗ್ಗೆ 9 ಗಂಟೆಗೆ ಹಾಜರಾಗತಕ್ಕದ್ದೆಂದು, ಹಿಂದಿನ ಶನಿವಾರ ರಾತ್ರಿ ಆಕೆಗೆ ಇಮೇಲ್ ಕಳುಹಿತೆಂದು ಭಾವಿಸೋಣ. ಸ್ವಾಗತದ ನುಡಿಗಳು ಎಷ್ಟೇ ಮಧುರವಾಗಿರಲಿ, ಆ ಓಲೆ ಬರಬೇಕಾದ ಕಾಲಕ್ಕೆ ಬಂದುದಲ್ಲ. ಏಕೆಂದರೆ ಅದು ಕೇಳುವ ಕಾಗದಗಳನ್ನು ಭಾನುವಾರ ಒಂದೇ ದಿನದಲ್ಲಿ ಹೊಂದಿಸಿಕೊಳ್ಳುವುದು ಯಾರಿಗೂ ಸುಲಭವಲ್ಲ.

ಆಧಾರ್, ಪ್ಯಾನ್, ಬ್ಯಾಂಕಿನ ಪಾಸ್‌ಬುಕ್ ಮನೆಯಲ್ಲಿಯೇ ಇರುವಂಥವು. ಹಿಂದಿನ ಕಚೇರಿಯ ಬಿಡುಗಡೆ ಪತ್ರ ಹಾಗೂ ಭವಿಷ್ಯನಿಧಿಯ ಯುಎಎನ್ ಸಂಖ್ಯೆ ಹಾಗಲ್ಲ. ಹಳೆಯ ಸಂಖ್ಯೆಯನ್ನು ತಿಳಿಸದೆ ಹೊಸಬಳೆಂದು ಘೋಷಣಾ ಪತ್ರವನ್ನು ತುಂಬಿದರೆ ಇನ್ನೊಂದು ಸಂಖ್ಯೆ ಹುಟ್ಟಿ, ಹಿಂದಿನ ಹಣ ಬೇರೊಂದು ಖಾತೆಯಲ್ಲಿ ಉಳಿದುಬಿಡುವ ಸಂಭವವುಂಟು. ಇನಿಶಿಯಲ್ಲಿನಲ್ಲಿ ಮನೆಯ ಹೆಸರನ್ನೋ ಊರಿನ ಹೆಸರನ್ನೋ ಅಡಗಿಸಿಕೊಂಡಿರುವ ನಮ್ಮ ಜಿಲ್ಲೆಯವರ ನಾಮಧೇಯಗಳು, ಆಧಾರಿನಲ್ಲಿ ಒಂದು ಬಗೆಯಾಗಿಯೂ ಪ್ಯಾನಿನಲ್ಲಿ ವಿಸ್ತಾರಗೊಂಡು ಮತ್ತೊಂದು ಬಗೆಯಾಗಿಯೂ ಇರುವುದರಿಂದ, ಎರಡನ್ನೂ ಒಮ್ಮೆ ತಾಳೆ ನೋಡಿರೆಂದು ಕನಿಷ್ಠ ಒಂದು ವಾರ ಮುಂಚೆಯೇ ತಿಳಿಸುವುದು ಉಚಿತ. ಈ ಒಂದು ವಾಕ್ಯ ಕಂಪೆನಿಯ ಇತಿಹಾಸವನ್ನು ಹೇಳುವ ಹತ್ತು ವಾಕ್ಯಗಳಿಗಿಂತ ಮೇಲೆಂದು ನನ್ನ ದೃಢವಾದ ಅಭಿಪ್ರಾಯ.

ಇನ್ನು ದಾರಿಯ ಮಾತು. ಕಾರ್ಕಳದಿಂದ ಬೈಲೂರು, ಹಿರಿಯಡಕ, ಪರ್ಕಳಗಳ ಮಾರ್ಗವಾಗಿ ಬರುವ ಬಸ್ಸು ಉಡುಪಿಗಿಂತ ಮೊದಲೇ ಮಣಿಪಾಲವನ್ನು ಮುಟ್ಟುತ್ತದೆ. ಕಾಪುವಿನಿಂದ ಬರುವವನಾದರೋ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಉಡುಪಿಗೆ ಬಂದು, ಅಲ್ಲಿ ಬಸ್ಸನ್ನು ಬದಲಿಸಿ, ಇಂದ್ರಾಳಿಯನ್ನು ದಾಟಿ ಗುಡ್ಡವನ್ನೇರಬೇಕು. ಆದುದರಿಂದ ಯಾವ ನಿಲ್ದಾಣದಲ್ಲಿ ಇಳಿಯಬೇಕು, ಯಾವ ಕಟ್ಟಡ, ಎಷ್ಟನೆಯ ಮಹಡಿ, ಬಾಗಿಲಲ್ಲಿ ಯಾರ ಹೆಸರನ್ನು ಹೇಳಬೇಕು ಎಂಬುದನ್ನು ಬರೆಯಲೇಬೇಕು. ಬರಮಾಡಿಕೊಳ್ಳುವವರೇ 10 ಗಂಟೆಗೆ ಬರುವವರಾದರೆ ಹೊಸಬಳನ್ನು 9ಕ್ಕೆ ಕರೆಯುವುದು ಸಲ್ಲದು.

ನಿರೀಕ್ಷೆಗಳನ್ನು ಹೇಳುವಾಗ ಮಿತಿಯಿರಲಿ. ಮೊದಲ ವಾರದಲ್ಲಿ ಆಕೆ ಯಾರೊಡನೆ ಕುಳಿತು ಯಾವ ಕೆಲಸವನ್ನು ಕಲಿಯುವಳು, ಪರೀಕ್ಷಾವಧಿ ಎಷ್ಟು ತಿಂಗಳು, ಸಂದೇಹ ಬಂದರೆ ಯಾರನ್ನು ಕೇಳಬೇಕು, ಇಷ್ಟು ಸಾಕು. ತಿಂಗಳ ಕಡೆಯಲ್ಲಿ ಸೇರಿದವರ ಸಂಬಳ ಕೆಲವೆಡೆ ಮರುತಿಂಗಳ ಸಂಬಳದೊಡನೆ ಕೂಡಿ ಬರುವುದುಂಟು. ಅದನ್ನು ಮುಚ್ಚುಮರೆಯಿಲ್ಲದೆ ತಿಳಿಸಿದರೆ, ಬಾಡಿಗೆಯ ಕೋಣೆಗೆ ಮುಂಗಡ ಕೊಡಬೇಕಾದವಳು ತನ್ನ ಹಣವನ್ನು ಅದಕ್ಕೆ ತಕ್ಕಂತೆ ಹೊಂದಿಸಿಕೊಳ್ಳುವಳು.

ಜೂನ್ ಎಂದೆನಷ್ಟೆ. ಭಾರೀ ಮಳೆಯ ದಿನ ಜಿಲ್ಲಾಧಿಕಾರಿಗಳು ಶಾಲಾ ಕಾಲೇಜುಗಳಿಗೆ ಸಾರುವ ರಜೆ ಖಾಸಗಿ ಕಚೇರಿಗೆ ತಾನಾಗಿ ಅನ್ವಯಿಸದು. ಅಂದು ಬರಬೇಕೋ ಬೇಡವೋ ಎಂಬುದನ್ನು ಬೆಳಗಿನ 7 ಗಂಟೆಯ ಹೊತ್ತಿಗೆ ಕೇಳಿ ತಿಳಿಯಲು, ಕರೆಗೆ ಓಗೊಡುವ ಮನುಷ್ಯರೊಬ್ಬರ ದೂರವಾಣಿ ಸಂಖ್ಯೆ ಆ ಓಲೆಯಲ್ಲಿರಬೇಕು.